'ಎಲ್ಲಿಗೆ ಹೋಗ್ತೀಯಾ?': ಸೆಕ್ಯುರಿಟಿಯವರಿಗೆ ಈ ಕನ್ನಡ ಕಲಿಸಿದ್ದು ಯಾರು?

ಕಳೆದ ವರ್ಷ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ದೂರು ಬಂತು. ಮೂರನೇ ಮಹಡಿಯವರ ಮನೆಗೆ ಬಂದ ಹಿರಿಯರೊಬ್ಬರನ್ನು ಗೇಟಿನಲ್ಲಿದ್ದ ಸೆಕ್ಯುರಿಟಿ ಗಾರ್ಡ್ "ಏ, ಎಲ್ಲಿಗೆ ಹೋಗ್ತೀಯಾ?" ಅಂತ ಕೇಳಿದ್ದರು. ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರಿಗೆ ಏಕವಚನ! ಗ್ರೂಪು ಹೊತ್ತಿಕೊಂಡಿತು. "ಮ್ಯಾನರ್ಸ್ ಇಲ್ಲ", "ಏಜೆನ್ಸಿಗೆ ಹೇಳಿ ಬದಲಾಯಿಸಿ" ಅಂತ ಸಂಜೆಯವರೆಗೂ ಮೆಸೇಜುಗಳು ಬಂದವು.

ಆ ಗಾರ್ಡ್ ಒಡಿಶಾದವರು, ಐವತ್ತರ ಆಸುಪಾಸಿನವರು. ದಿನಕ್ಕೆ ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು, ಎಂಟು ತಿಂಗಳಲ್ಲಿ ಯಾವ ಪುಸ್ತಕವೂ ಇಲ್ಲದೆ, ಬರೀ ಕಿವಿಯಿಂದ ಕನ್ನಡ ಕಲಿತಿದ್ದರು. ಆ ಕಿವಿಗೆ ಬಿದ್ದದ್ದೇನು? "ಏ ಸೆಕ್ಯುರಿಟಿ, ಬಾ ಇಲ್ಲಿ." "ಗೇಟ್ ತೆಗಿ." "ಎಲ್ಲಿಗೆ ಹೋಗಿದ್ದೆ?" "ನೀರು ಬಿಟ್ಯಾ?" ಅವರ ಮಟ್ಟಿಗೆ ಕನ್ನಡ ಅಂದರೆ ಇಷ್ಟೇ. 'ಬನ್ನಿ', 'ಹೋಗ್ತೀರಾ' ಎಂಬ ರೂಪಗಳು ಇವೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನಾವು ಅವರಿಗೆ ಕೊಟ್ಟಿದ್ದನ್ನೇ ಅವರು ನಮ್ಮ ಅತಿಥಿಗೆ ವಾಪಸ್ ಕೊಟ್ಟಿದ್ದರು.

ಹಾಗಂತ ಗೌರವದ ವ್ಯಾಕರಣ ಅವರಿಗೆ ಹೊಸದಲ್ಲ. ಒಡಿಯಾದಲ್ಲಿ ದಿನಬಳಕೆಯ ನಮ್ಮ 'ನೀನು–ನೀವು'ಗಳಿಗಿಂತ ಒಂದು ಮೆಟ್ಟಿಲು ಜಾಸ್ತಿಯೇ ಇದೆ: ತು, ತುಮೆ, ಆಪಣ. ಅವರ ಭಾಷೆಯಲ್ಲಿ ಆ ಮೇಷ್ಟ್ರನ್ನು ಮಾತಾಡಿಸಿದ್ದರೆ ಖಂಡಿತ 'ಆಪಣ' ಅನ್ನುತ್ತಿದ್ದರು.

ಕನ್ನಡದಲ್ಲಿ ಗೌರವ ಇರುವುದು ಬರೀ 'ನೀನು–ನೀವು'ಗಳಲ್ಲಿ ಅಲ್ಲ. ಮಾತಾಡುವಾಗ ನಾವು 'ನೀವು' ಅನ್ನುವುದನ್ನೇ ಬಿಟ್ಟುಬಿಡ್ತೀವಿ, ಅದು ಕ್ರಿಯಾಪದದ ಬಾಲದಲ್ಲಿ ಬಂದು ಕೂತಿರುತ್ತೆ. ಬಾರೋ, ಬಾರೇ ಅನ್ನುವುದು ಕೆಳಗಿನ ಮೆಟ್ಟಿಲು. ಆಮೇಲೆ ಬರೀ 'ಬಾ'. ನಂತರ 'ಬಾಪ್ಪಾ', 'ಬಾಮ್ಮಾ'. ಆಮೇಲೆ 'ಬನ್ನಿ', ಉತ್ತರ ಕರ್ನಾಟಕದಲ್ಲಾದರೆ 'ಬರ್ರಿ'. ನನ್ನ ಅನುಮಾನವೆಲ್ಲ ಆ ಮಧ್ಯದ 'ಬಾಪ್ಪಾ' ಮೇಲೆ. ಅಜ್ಜಿಯೊಬ್ಬರು ಹೇಳಿದರೆ ಅದು ಮಮತೆ. ಇಪ್ಪತ್ತೈದರ ಹುಡುಗ ಐವತ್ತರ ಗಾರ್ಡ್‌ಗೆ "ಗೇಟ್ ತೆಗಿಯಪ್ಪಾ" ಅಂದರೆ ಅದು ಏಕವಚನವೇ, ಸ್ವಲ್ಪ ಸಕ್ಕರೆ ಸವರಿದ್ದು ಅಷ್ಟೆ.

ಇಲ್ಲಿ ಒಂದು ಸರಿಯಾದ ಆಕ್ಷೇಪ ಬರುತ್ತೆ. ಏಕವಚನ ಅಂದರೆ ಅವಮಾನ ಅಂತ ಹೇಳಿದ್ದು ಯಾರು? ಅಮ್ಮನಿಗೆ 'ನೀನು' ಅಂತೀವಿ, ದೇವರಿಗೂ 'ನೀನು' ಅಂತೀವಿ. ಹಳ್ಳಿಗಳಲ್ಲಿ ಎಷ್ಟೋ ಜನ ಯಾರನ್ನು ಬೇಕಾದರೂ ಸಲೀಸಾಗಿ 'ಬಾ' ಅನ್ನುತ್ತಾರೆ. ನಿಜ. ಹಾಗಾಗಿ ನೋಡಬೇಕಾದ್ದು ಯಾವ ಪದ ಅನ್ನುವುದಕ್ಕಿಂತ, ಅದು ಎರಡೂ ಕಡೆ ಓಡಾಡುತ್ತಾ ಅನ್ನುವುದನ್ನು. ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳ ಇಂಥ ಸರ್ವನಾಮಗಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧ ಹಿಡಿದದ್ದು ಇದನ್ನೇ. ಇಬ್ಬರೂ ಪರಸ್ಪರ 'ನೀನು' ಅಂದರೆ ಸಲಿಗೆ, ಇಬ್ಬರೂ 'ನೀವು' ಅಂದರೆ ಅಂತರದ ಗೌರವ. ಒಬ್ಬರು 'ನೀನು' ಅಂದು, ಇನ್ನೊಬ್ಬರು 'ನೀವು' ಅನ್ನಲೇಬೇಕಾದರೆ ಅದು ಅಧಿಕಾರ. ನಮ್ಮ ಅಮ್ಮಂದಿರು ನಮಗೂ 'ನೀನು' ಅಂತಾರೆ. ಗಾರ್ಡ್ ವಾಪಸ್ 'ನೀನು' ಅಂದಾಗ ಏನಾಯಿತು ಅಂತ ಮೇಲೆ ನೋಡಿದಿರಿ.

ನಮ್ಮಲ್ಲಿ ವಯಸ್ಸಿನ ನಿಯಮ ಬಹಳ ಗಟ್ಟಿ ಅಂತ ಹೇಳಿಕೊಳ್ತೀವಿ. ಕಿರಿಯರು ಮೊದಲು ನಮಸ್ಕಾರ ಹೇಳಬೇಕು, ಹಿರಿಯರಿಗೆ ಬಹುವಚನ. ಆದರೆ ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ಎದ್ದು ನಿಂತು ಸೆಲ್ಯೂಟ್ ಹೊಡೆಯುವವರು ಐವತ್ತರವರು, ಕಾರಿನ ಗಾಜು ಕೂಡ ಇಳಿಸದೆ ಹೋಗುವವರು ಇಪ್ಪತ್ತೈದರವರು. ಸಂಬಳ ಎದುರಾದ ಕೂಡಲೇ ವಯಸ್ಸಿನ ನಿಯಮ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತೆ. (ಸಂಬಳದ ಹಿಂದೆ ಜಾತಿಯೂ ನಿಂತಿರುತ್ತೆ. ಹಳ್ಳಿಯಲ್ಲಿ ಕೆಲವರ ಹೆಸರನ್ನು ಮಾತ್ರ ತುಂಡು ಮಾಡಿ ಕರೆದ ಅಭ್ಯಾಸವೇ ಅಪಾರ್ಟ್‌ಮೆಂಟಿನಲ್ಲಿ ಹೆಸರನ್ನೇ ಬಿಟ್ಟು 'ಸೆಕ್ಯುರಿಟಿ', 'ಡ್ರೈವರ್' ಆಗಿದೆ.)

ಹಾಗಾದರೆ ಇವತ್ತಿಂದ ಎಲ್ಲರಿಗೂ 'ನೀವು' ಅಂದರೆ ಮುಗೀತಾ? ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮನೆಯಲ್ಲಿ ನಾನು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಕೆಲಸಕ್ಕೆ ಬರುತ್ತಿರುವ ಅಕ್ಕ ಒಬ್ಬರಿದ್ದಾರೆ. ಒಂದು ದಿನ ಅವರಿಗೆ "ಕಾಫಿ ಕುಡೀತೀರಾ?" ಅಂದೆ. ಅವರು ಪಾತ್ರೆ ಕೆಳಗಿಟ್ಟು, "ಯಾಕೆ, ಏನಾಯ್ತು? ನಾನೇನಾದ್ರೂ ತಪ್ಪು ಮಾಡಿದ್ನಾ?" ಅಂದರು. ಕನ್ನಡದಲ್ಲಿ ಇದ್ದಕ್ಕಿದ್ದಂತೆ ಬಹುವಚನಕ್ಕೆ ಹೋಗುವುದು ಮುನಿಸಿನ ಗುರುತು, ಗಂಡ ಹೆಂಡತಿ ಜಗಳ ನೋಡಿದವರಿಗೆ ಇದು ಗೊತ್ತು. ಅವರಿಗೆ ಅದು ಕೆಲಸ ಬಿಡಿಸುವ ಮುನ್ಸೂಚನೆಯಂತೆ ಕೇಳಿಸಿತ್ತು.

ಆಮೇಲೆ ಕೂತು ಮಾತಾಡಿದಾಗ ಇನ್ನೊಂದು ತಿಳಿಯಿತು. ಚಿಕ್ಕವಳಿದ್ದಾಗ ನನಗೆ 'ನೀನು' ಅನ್ನುತ್ತಿದ್ದವರು, ನನಗೆ ಕೆಲಸ ಸಿಕ್ಕ ತಿಂಗಳಿಂದ 'ನೀವು' ಅನ್ನತೊಡಗಿದ್ದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ! "ಮೊದಲಿನ ಥರ ನೀನು ಅನ್ನಿ" ಅಂದೆ. "ಬೇಡ ಬಿಡಿ, ಅಮ್ಮೋರಿಗೆ ಸರಿ ಕಾಣಲ್ಲ" ಅಂದರು. ಅಷ್ಟರಮಟ್ಟಿಗೆ ಅದು ನನ್ನ ಕೈಯಲ್ಲಿ ಇರಲಿಲ್ಲ. ಈಗ ಇಬ್ಬರೂ 'ನೀವು' ಅಂದುಕೊಳ್ತೀವಿ. ರೂಢಿಯಾಗಲು ಒಂದು ತಿಂಗಳು ಹಿಡಿಯಿತು. 'ಅಕ್ಕ' ಅನ್ನುವುದನ್ನು ಬಿಟ್ಟಿಲ್ಲ, ಆದರೆ ಆ ಪದದ ಬಗ್ಗೆಯೂ ಅವರಿಗೆ ಭ್ರಮೆ ಇಲ್ಲ. "ಅಕ್ಕ ಅಂತಾರೆ, ಅಕ್ಕಂಗೆ ಜ್ವರ ಬಂದ್ರೆ ದುಡ್ಡು ಹಿಡ್ಕೋತಾರೆ" ಅಂತ ಇನ್ನೊಂದು ಮನೆಯ ಬಗ್ಗೆ ನಗುತ್ತಾ ಹೇಳಿದರು.

ಎದುರಿಗೆ ಎಲ್ಲರೂ ಹೇಗೋ ಸಂಭಾಳಿಸ್ತಾರೆ. ನಿಜ ಹೊರಬೀಳುವುದು ಅವರು ಇಲ್ಲದಾಗ. "ಕೆಲಸದವಳು ಇವತ್ತೂ ಬಂದಿಲ್ಲ", "ಡ್ರೈವರ್ ಎಲ್ಲೋ ಹಾಳಾಗೋದ" ಅನ್ನುವ ನಾವೇ ಮರುಕ್ಷಣ "ಡಾಕ್ಟರ್ ಬಂದಿಲ್ವಂತೆ, ಲೇಟಾಗ್ತಾರಂತೆ" ಅಂತೀವಿ. ಮನೆಯ ಮಕ್ಕಳು ಕಲಿಯುವುದು ಈ ಬೆನ್ನ ಹಿಂದಿನ ವ್ಯಾಕರಣವನ್ನೇ.

ವಯಸ್ಸು, ಸಲಿಗೆ ಎರಡೂ ಗೊತ್ತಿಲ್ಲದವರ ಜೊತೆ, ಉದಾಹರಣೆಗೆ ಕ್ಯಾಬ್ ಓಡಿಸುವ ನಮಗಿಂತ ಚಿಕ್ಕ ಹುಡುಗನ ಜೊತೆ, ಕನ್ನಡವೇ ಒಂದು ದಾರಿ ಕೊಡುತ್ತೆ. "ಊಟ ಆಯ್ತಾ?" ಅನ್ನುವುದರಲ್ಲಿ ನೀನೂ ಇಲ್ಲ, ನೀವೂ ಇಲ್ಲ. "ಹೋಗೋಣ್ವಾ?" ಅಂದರೆ ಇಬ್ಬರೂ ಒಂದೇ ಗಾಡಿಯಲ್ಲಿದ್ದೇವೆ. ಅದಾದ ಮೇಲೆ ಅವರು ಏನಂತಾರೋ ಕೇಳಿಸಿಕೊಂಡು ಅದನ್ನೇ ವಾಪಸ್ ಕೊಟ್ಟರಾಯಿತು. ಅವರು 'ನೀವು' ಅಂದರೆ ನಮ್ಮದೂ 'ನೀವು', ವಯಸ್ಸು ಎಷ್ಟೇ ಇರಲಿ.

ಗಾರ್ಡ್ ವಿಷಯಕ್ಕೆ ಬರ್ತೀನಿ. ದೂರು ಬಂದ ರಾತ್ರಿ ಅವರ ಹತ್ತಿರ ಹೋಗಿ, ನನ್ನ ಅರೆಬರೆ ಹಿಂದಿಯಲ್ಲಿ ವಿವರಿಸಿದೆ: 'ಹೋಗ್ತೀಯಾ' ಅಂದರೆ ನಿಮ್ಮ 'ತು' ಥರ, 'ಹೋಗ್ತೀರಾ' ಅಂದರೆ 'ಆಪಣ' ಥರ. ಅವರು ವಿಸಿಟರ್ಸ್ ಪುಸ್ತಕದ ಕೊನೇ ಹಾಳೆಯಲ್ಲಿ ಒಡಿಯಾ ಅಕ್ಷರದಲ್ಲಿ ಬರೆದುಕೊಂಡರು. ಬನ್ನಿ, ಹೇಳಿ, ಹೋಗ್ತೀರಾ, ಯಾರ ಮನೆಗೆ ಹೋಗ್ಬೇಕು. ಬರೆದು ಮುಗಿಸಿ ಸ್ವಲ್ಪ ಹೊತ್ತು ಆ ಹಾಳೆ ನೋಡಿದರು. "ಅಂದ್ರೆ ಎಲ್ಲಾರೂ ನಂಗೆ 'ತು' ಹೇಳಿದ್ದಾ?" ಅಂತ ಕನ್ನಡದಲ್ಲೇ ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಗ್ರೂಪಿನಲ್ಲಿ ಇದನ್ನು ಬರೆದೆ. ಇಬ್ಬರು ಹೆಬ್ಬೆಟ್ಟಿನ ಇಮೋಜಿ ಹಾಕಿದರು, ಒಬ್ಬರು ಪಾರ್ಕಿಂಗ್ ವಿಷಯ ಎತ್ತಿದರು. ಗಾರ್ಡ್ ಮಾತ್ರ ಈಗ ಯಾರಿಗೂ ಏಕವಚನ ಹಾಕಲ್ಲ. ಪಾರ್ಸೆಲ್ ತರುವ ಹುಡುಗರಿಗೂ 'ಬನ್ನಿ', ಸೈಕಲ್ ಓಡಿಸುವ ಮಕ್ಕಳಿಗೂ 'ಬನ್ನಿ'. ಮೊನ್ನೆ ರಾತ್ರಿ ಬೀದಿನಾಯಿಗೆ ಬಿಸ್ಕತ್ ತೋರಿಸಿ "ಬನ್ನಿ, ಬನ್ನಿ" ಅನ್ನುತ್ತಿದ್ದರು.