ದುಬೈ ಸಂಬಳಕ್ಕೆ ಒಂದು ಖಾತೆ, ಮಣಿಪಾಲದ ಬಾಡಿಗೆಗೆ ಇನ್ನೊಂದು

ಕೆಲಸಕ್ಕೆಂದು ಹೊರದೇಶಕ್ಕೆ ಹೊರಟವರನ್ನು ಬ್ಯಾಂಕಿನವರು ಕೇಳುವ ಮೊದಲ ಪ್ರಶ್ನೆ: ಎನ್‌ಆರ್‌ಇ ಬೇಕೋ, ಎನ್‌ಆರ್‌ಒ ಬೇಕೋ? ಹೊರಟವರು ಹಾಕುವ ಮರುಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: ಯಾವುದರಲ್ಲಿ ಬಡ್ಡಿ ಜಾಸ್ತಿ? ಆ ಪ್ರಶ್ನೆಯಿಂದ ಏನೂ ಗಿಟ್ಟುವುದಿಲ್ಲ. ಎರಡೂ ರೂಪಾಯಿ ಖಾತೆಗಳೇ, ದರವೂ ಊರಿನವರಿಗೆ ಕೊಡುವಷ್ಟೇ ಅಥವಾ ಅದರ ಆಸುಪಾಸು. ಕೇಳಿಕೊಳ್ಳಬೇಕಾದ್ದು ಬೇರೆ: ಈ ದುಡ್ಡು ಹುಟ್ಟಿದ್ದು ಎಲ್ಲಿ? ಹೊರದೇಶದಲ್ಲಿ ದುಡಿದದ್ದು ಎನ್‌ಆರ್‌ಇಗೆ, ಭಾರತದಲ್ಲಿ ಬಂದದ್ದು ಎನ್‌ಆರ್‌ಒಗೆ. ತೆರಿಗೆ, ಹಣ ಹೊರಗೆ ಕಳಿಸುವ ಸಲೀಸು, ಎಲ್ಲವೂ ಇದರ ಬೆನ್ನಿಗೇ ಬರುತ್ತವೆ.

ಉಡುಪಿಯ ಕಡೆಯ ಒಬ್ಬ ಯುವಕ ಅಕ್ಟೋಬರ್ 10ಕ್ಕೆ ದುಬೈ ಕಂಪನಿಯೊಂದನ್ನು ಸೇರಲು ಹೊರಟಿದ್ದಾನೆ ಎಂದಿಟ್ಟುಕೊಳ್ಳಿ. ಊರಿನ ಉಳಿತಾಯ ಖಾತೆಯಲ್ಲಿ ಒಂದಿಷ್ಟು ದುಡ್ಡಿದೆ. ಮಣಿಪಾಲದಲ್ಲಿ ಒಂದು ಫ್ಲ್ಯಾಟ್, ತಿಂಗಳಿಗೆ 15 ಸಾವಿರ ಬಾಡಿಗೆ. ಉದ್ಯೋಗಕ್ಕೆಂದು ದೇಶ ಬಿಟ್ಟ ದಿನದಿಂದಲೇ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾದ ಕಣ್ಣಲ್ಲಿ ಅವನು ಅನಿವಾಸಿ. ಹಾಗಾಗಿ ಹಳೆಯ ಖಾತೆಯನ್ನು ಇದ್ದ ಹಾಗೆ ಬಿಡುವಂತಿಲ್ಲ. ಬ್ಯಾಂಕಿಗೆ ತಿಳಿಸಿ, ಪಾಸ್‌ಪೋರ್ಟ್, ವೀಸಾ, ಅಲ್ಲಿನ ವಿಳಾಸದ ದಾಖಲೆ ಕೊಟ್ಟು ಅದನ್ನು ಎನ್‌ಆರ್‌ಒ ಮಾಡಿಸಬೇಕು. ಇಲ್ಲಿನ ಕಂಪನಿಯ ಕೊನೆಯ ಸಂಬಳ, ಬಾಡಿಗೆ, ಷೇರಿನ ಲಾಭಾಂಶ ಎಲ್ಲ ಅದಕ್ಕೇ ಬರಲಿ. ದುಬೈ ಸಂಬಳಕ್ಕೆ ಹೊಸದಾಗಿ ಎನ್‌ಆರ್‌ಇ ಖಾತೆ ತೆರೆಯಬೇಕು. ಊರಲ್ಲಿ ಕೈಗೆ ಸಿಕ್ಕ ನಗದನ್ನು ಎನ್‌ಆರ್‌ಇಗೆ ತುಂಬಲು ಬರುವುದಿಲ್ಲ.

ಇನ್ನು ಬಡ್ಡಿಯ ತೆರಿಗೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯೇ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಶೇ 30 ಮತ್ತು ಅದರ ಮೇಲೆ ಸೆಸ್, ಒಟ್ಟು ಶೇ 31.2ರಷ್ಟನ್ನು ಬ್ಯಾಂಕು ಮೊದಲೇ ಮುರಿದುಕೊಳ್ಳುತ್ತದೆ. ಊರಿನವರ ಠೇವಣಿಗೆ ಇರುವಂತೆ ಇಷ್ಟರವರೆಗೆ ಟಿಡಿಎಸ್ ಇಲ್ಲ ಎಂಬ ಮಿತಿ ಇಲ್ಲಿಲ್ಲ. ಮುರಿಯಬೇಡಿ ಎಂದು ಅರ್ಜಿ ಬರೆದುಕೊಡುವ ಸೌಲಭ್ಯವೂ ಅನಿವಾಸಿಗಿಲ್ಲ. 10 ಲಕ್ಷ ರೂಪಾಯಿಯನ್ನು ಶೇ 7ರ ದರದಲ್ಲಿ ಒಂದು ವರ್ಷ ಎಫ್‌ಡಿ ಇಟ್ಟರೆ ಬಡ್ಡಿ 70,000. ಎನ್‌ಆರ್‌ಇಯಲ್ಲಿ ಅಷ್ಟೂ ಕೈಗೆ ಬರುತ್ತದೆ. ಎನ್‌ಆರ್‌ಒದಲ್ಲಿ 21,840 ಮುರಿದು 48,160 ಬರುತ್ತದೆ.

ಮುರಿದುಕೊಂಡದ್ದೆಲ್ಲ ತೆರಿಗೆಯಾಗಿ ಹೋಯಿತು ಎಂದು ಕೈಬಿಡಬೇಕಿಲ್ಲ. ಮುಂದಿನ ಒಂದು ಪೂರ್ತಿ ವರ್ಷದ ಲೆಕ್ಕ ನೋಡೋಣ. ಬಾಡಿಗೆ ವರ್ಷಕ್ಕೆ 1,80,000. ಅದರಲ್ಲಿ ಶೇ 30ರಷ್ಟು ರಿಯಾಯಿತಿ ಕಳೆದರೆ 1,26,000. ಬಡ್ಡಿ 70,000 ಕೂಡಿಸಿದರೂ ಭಾರತದ ಆದಾಯ 1,96,000 ಮಾತ್ರ. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲದ ಕಾರಣ ರಿಟರ್ನ್ ಸಲ್ಲಿಸಿದರೆ ಮುರಿದ ಹಣ ಪೂರ್ತಿ ವಾಪಸ್. ರಿಟರ್ನ್ ಸಲ್ಲಿಸುವ ಗೋಜಿಗೇ ಹೋಗದೆ ಈ ದುಡ್ಡನ್ನು ಸರ್ಕಾರಕ್ಕೆ ಬಿಟ್ಟುಕೊಡುವವರಿದ್ದಾರೆ, ಪಾಪ. ಆದರೆ 12 ಲಕ್ಷದವರೆಗೂ ತೆರಿಗೆ ಇಲ್ಲ ಎಂಬ ಮಾತನ್ನು ಅನಿವಾಸಿ ನಂಬಿ ಕೂರಬಾರದು. ಆ ರಿಯಾಯಿತಿ ನಿವಾಸಿಗಳಿಗೆ ಮಾತ್ರ.

ಮೊದಲೇ ಕಡಿಮೆ ಮುರಿಸಿಕೊಳ್ಳುವ ದಾರಿಯೂ ಇದೆ. ಭಾರತ ಮತ್ತು ಯುಎಇ ನಡುವಿನ ತೆರಿಗೆ ಒಪ್ಪಂದದ ಪ್ರಕಾರ ಇಂಥ ಬಡ್ಡಿಯ ಮೇಲೆ ಭಾರತ ಹಾಕಬಹುದಾದದ್ದು ಹೆಚ್ಚೆಂದರೆ ಶೇ 12.5. ಅಲ್ಲಿನ ಸರ್ಕಾರದಿಂದ ತೆರಿಗೆ ನಿವಾಸಿ ಪ್ರಮಾಣಪತ್ರ ತಂದು, ಇಲ್ಲಿನ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಘೋಷಣೆ ತುಂಬಿ ಬ್ಯಾಂಕಿಗೆ ಕೊಟ್ಟರೆ 21,840ರ ಬದಲು 8,750 ಮುರಿಯುತ್ತಾರೆ. ಇದನ್ನು ವರ್ಷ ವರ್ಷವೂ ಮಾಡಬೇಕು. ದುಬೈ ಬದಲು ಅಮೆರಿಕಕ್ಕೆ ಹೋದವರಿಗೆ ಇನ್ನೊಂದು ಎಚ್ಚರಿಕೆ: ಎನ್‌ಆರ್‌ಇ ಬಡ್ಡಿಗೆ ಭಾರತ ತೆರಿಗೆ ಕೇಳದಿದ್ದರೂ ಅಮೆರಿಕ ಕೇಳುತ್ತದೆ. ಅಲ್ಲಿನ ರಿಟರ್ನ್‌ನಲ್ಲಿ ಅದನ್ನು ತೋರಿಸಲೇಬೇಕು.

ನಮ್ಮ ಯುವಕ ಹೊರಟ ದಿನವನ್ನು ಮತ್ತೊಮ್ಮೆ ನೋಡಿ. ಏಪ್ರಿಲ್ 1ರಿಂದ ಅಕ್ಟೋಬರ್ 10ರವರೆಗೆ ಅವನು ಭಾರತದಲ್ಲಿದ್ದದ್ದು 193 ದಿನ. 182 ದಿನ ಮುಟ್ಟಿದರೆ ಆ ಹಣಕಾಸು ವರ್ಷಕ್ಕೆ ಆದಾಯ ತೆರಿಗೆಯವರ ಲೆಕ್ಕದಲ್ಲಿ ಅವನು ನಿವಾಸಿ. ಅಂದರೆ ಮಾರ್ಚ್‌ವರೆಗಿನ ದುಬೈ ಸಂಬಳವನ್ನೂ ಭಾರತದ ರಿಟರ್ನ್‌ನಲ್ಲಿ ಆದಾಯವಾಗಿ ತೋರಿಸಬೇಕಾಗುತ್ತದೆ. ಸೆಪ್ಟೆಂಬರ್ ಮೂರನೇ ವಾರದಲ್ಲೇ ವಿಮಾನ ಹತ್ತಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಸೇರುವ ದಿನ ನಮ್ಮ ಕೈಯಲ್ಲಿದ್ದರೆ ಟಿಕೆಟ್ ಮಾಡಿಸುವ ಮುನ್ನ ಈ ಎಣಿಕೆ ಮಾಡಿಕೊಳ್ಳುವುದು ಲೇಸು. ಒಂದು ಸಮಾಧಾನವೆಂದರೆ ಎನ್‌ಆರ್‌ಇ ಬಡ್ಡಿಯ ವಿನಾಯಿತಿ ನಿಂತಿರುವುದು ಫೆಮಾದ ಲೆಕ್ಕದ ಮೇಲೆ. ಹಾಗಾಗಿ ಮೊದಲ ವರ್ಷವೂ ಅದು ತಪ್ಪುವುದಿಲ್ಲ.

ಹಣವನ್ನು ವಾಪಸ್ ಹೊರದೇಶಕ್ಕೆ ಕಳಿಸಬೇಕಾದಾಗ ಎರಡು ಖಾತೆಗಳ ಅಂತರ ಎದ್ದು ಕಾಣುತ್ತದೆ. ಎನ್‌ಆರ್‌ಇಯಲ್ಲಿರುವ ಅಸಲು, ಬಡ್ಡಿ ಎರಡನ್ನೂ ಎಷ್ಟು ಬೇಕಾದರೂ, ಯಾವಾಗ ಬೇಕಾದರೂ ಒಯ್ಯಬಹುದು. ಎನ್‌ಆರ್‌ಒದಿಂದ ಏಪ್ರಿಲ್–ಮಾರ್ಚ್ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಮಿತಿ. ಬಾಡಿಗೆ, ಪಿಂಚಣಿಯಂಥ ಚಾಲ್ತಿ ಆದಾಯ ತೆರಿಗೆ ಕಟ್ಟಿದ ಮೇಲೆ ಈ ಮಿತಿಯ ಹೊರಗೇ ಹೋಗುತ್ತದೆ. ನಮ್ಮಂಥವರಿಗೆ ಮಿತಿ ಅಡ್ಡಬರುವುದು ಅಪರೂಪ, ಅಡ್ಡಬರುವುದು ಕಾಗದಪತ್ರ. ದುಡ್ಡಿನ ಮೂಲ ಯಾವುದು, ತೆರಿಗೆ ಕಟ್ಟಿದೆಯೇ ಎಂಬುದನ್ನು ತೋರಿಸಬೇಕು. ಬ್ಯಾಂಕಿನವರು 15ಸಿಎ, 15ಸಿಬಿ ಎಂದು ಕರೆದು ರೂಢಿಯಾಗಿರುವ ಘೋಷಣೆ ಮತ್ತು ಸಿಎ ಪ್ರಮಾಣಪತ್ರ ಕೇಳುತ್ತಾರೆ.

ಎಡವುವುದು ಇಲ್ಲೇ. ಹೊಸ ಖಾತೆ ತೆರೆಯಲು ಉದಾಸೀನ ಮಾಡಿ ದುಬೈ ಸಂಬಳವನ್ನೂ ಹಳೆಯ ಖಾತೆಗೇ ಕಳಿಸುತ್ತಾ ಹೋದರೆ ಅದು ಬಾಡಿಗೆ ದುಡ್ಡಿನ ಜೊತೆ ಬೆರೆತುಹೋಗುತ್ತದೆ. ಐದು ವರ್ಷದ ಬಳಿಕ ಅಲ್ಲೇ ಮನೆ ಕೊಳ್ಳಲು 40 ಲಕ್ಷ ಬೇಕಾದಾಗ ಯಾವುದು ಎಲ್ಲಿಂದ ಬಂತೆಂದು ಸ್ಟೇಟ್‌ಮೆಂಟ್ ಹಿಡಿದು ಬಿಡಿಸುತ್ತಾ ಕೂರಬೇಕು. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಹಣ ಸುಲಭವಾಗಿ ದಾಟುತ್ತದೆ. ಮರಳಿ ಎನ್‌ಆರ್‌ಇಗೆ ಹಾಕುವುದೆಂದರೆ ಹೊರದೇಶಕ್ಕೆ ಕಳಿಸಿದ ಹಾಗೆಯೇ, ಅದೇ ಮಿತಿ, ಅದೇ ಕಾಗದ. ಹಾಗಾಗಿ ಊರಿನ ಖರ್ಚಿಗೆ ಬೇಕಾದಷ್ಟನ್ನೇ ದಾಟಿಸಿ, ಉಳಿದದ್ದನ್ನು ಎನ್‌ಆರ್‌ಇಯಲ್ಲೇ ಬಿಡುವುದು ಜಾಣತನ.

ಅಪ್ಪನ ಹೆಸರನ್ನೂ ಸೇರಿಸೋಣ ಎಂದು ಮನೆಯಲ್ಲಿ ಹೇಳುತ್ತಾರೆ. ಎನ್‌ಆರ್‌ಇಗೆ ಊರಲ್ಲಿರುವ ಹತ್ತಿರದ ಸಂಬಂಧಿಯನ್ನು ಸೇರಿಸಬಹುದು. ಆದರೆ ಮಗ ಇರುವವರೆಗೆ ಅಪ್ಪ ಹಣ ತೆಗೆಯಬೇಕಾದರೆ ಅಧಿಕಾರ ಪತ್ರ ಬೇಕು, ಅದೂ ಊರಿನ ಖರ್ಚುಗಳಿಗೆ.

ಎನ್‌ಆರ್‌ಇ ಎಫ್‌ಡಿಯ ಕನಿಷ್ಠ ಅವಧಿ ಒಂದು ವರ್ಷ. ಹನ್ನೊಂದನೇ ತಿಂಗಳಲ್ಲಿ ಮುರಿದರೂ ಬಡ್ಡಿ ಒಂದು ಪೈಸೆ ಸಿಗುವುದಿಲ್ಲ. ಅವಸರಕ್ಕೆ ಬೇಕಾಗಬಹುದಾದ ದುಡ್ಡನ್ನು ಉಳಿತಾಯ ಖಾತೆಯಲ್ಲೇ ಇಡಿ. ಖಾತೆ ರೂಪಾಯಿಯದ್ದಾದ್ದರಿಂದ, ಮರಳಿ ದಿರ್ಹಮ್ ಮಾಡುವ ಹೊತ್ತಿಗೆ ರೂಪಾಯಿ ಇಳಿದಿದ್ದರೆ ಶೇ 7ರ ಬಡ್ಡಿಯಲ್ಲಿ ಒಂದು ಪಾಲು ಅಲ್ಲೇ ಕರಗುತ್ತದೆ. ಆ ಭಯ ಇರುವವರಿಗೆ ಡಾಲರ್‌ನಂಥ ವಿದೇಶಿ ಹಣದಲ್ಲೇ ಇಡುವ ಎಫ್‌ಸಿಎನ್‌ಆರ್ ಠೇವಣಿ ಇದೆ, ಒಂದರಿಂದ ಐದು ವರ್ಷಕ್ಕೆ.

ಕೆಲಸ ಮುಗಿಸಿ ಊರಲ್ಲೇ ನೆಲೆಸಲು ಬಂದ ಮೇಲೆ ಬ್ಯಾಂಕಿಗೆ ಮತ್ತೊಮ್ಮೆ ಹೋಗಬೇಕು. ಎರಡೂ ಖಾತೆಗಳನ್ನು ನಿವಾಸಿ ಖಾತೆ ಮಾಡಿಸಬೇಕು. ಎನ್‌ಆರ್‌ಇ ಹಣವನ್ನು ಬೇಕಿದ್ದರೆ ಮರಳಿ ಬಂದವರಿಗೆಂದೇ ಇರುವ ವಿದೇಶಿ ಕರೆನ್ಸಿಯ ಆರ್‌ಎಫ್‌ಸಿ ಖಾತೆಗೆ ಹಾಕಬಹುದು. ಎಫ್‌ಡಿ ಅವಧಿ ಮುಗಿಯುವವರೆಗೆ ಒಪ್ಪಿದ ದರದಲ್ಲೇ ಮುಂದುವರಿಯುತ್ತದೆ. ಆದರೆ ಬಂದಿಳಿದ ಮೇಲಿನ ಬಡ್ಡಿಗೆ ವಿನಾಯಿತಿ ಇಲ್ಲ. ಬ್ಯಾಂಕಿಗೆ ತಿಳಿಸಿರದಿದ್ದರೆ ಅದು ಟಿಡಿಎಸ್ ಮುರಿಯದೇ ಇರಬಹುದು. ಆಗಲೂ ಆ ಬಡ್ಡಿಯನ್ನು ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟುವ ಹೊಣೆ ಖಾತೆದಾರನದೇ.