ಖಾಲಿ ಡಸ್ಟ್‌ಬಿನ್ ಯಾಕೆ ‘ಫುಲ್’ ಅನ್ನುತ್ತೆ?

ಸ್ಮಾರ್ಟ್ ಡಸ್ಟ್‌ಬಿನ್ ಸುಳ್ಳು ಮೆಸೇಜ್ ಕಳಿಸಿದರೆ ನಮ್ಮಂಥ ಸಾಫ್ಟ್‌ವೇರಿನವರು ಮೊದಲು ಅನುಮಾನ ಪಡುವುದು ಕೋಡಿನ ಮೇಲೆ. ಆದರೆ ಎಷ್ಟೋ ಸಲ ಕೋಡ್ ಸರಿಯಾಗೇ ಇರುತ್ತೆ. ಎಡವಟ್ಟು ಇರುವುದು ಮುಚ್ಚಳದಲ್ಲಿ, ಸೆನ್ಸರ್ ಕೂರಿಸಿದ ಜಾಗದಲ್ಲಿ.

ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎಚ್‌ಸಿ-ಎಸ್‌ಆರ್04 ಎಂಬ ಅಗ್ಗದ ಅಲ್ಟ್ರಾಸಾನಿಕ್ ಸೆನ್ಸರ್. ಎರಡು ಕಣ್ಣಿದ್ದ ಹಾಗೆ ಕಾಣುತ್ತದಲ್ಲ, ಅದೇ. ನಮ್ಮ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಸದ್ದನ್ನು ಕೆಳಕ್ಕೆ ಕಳಿಸಿ, ಅದು ಕಸಕ್ಕೆ ಬಡಿದು ವಾಪಸ್ ಬರಲು ಹಿಡಿದ ಸಮಯವನ್ನು ತಿಳಿಸುತ್ತೆ. 60 ಸೆಂ.ಮೀ. ಆಳಕ್ಕೆ ಹೋಗಿ ಬರಲು ಸುಮಾರು 3.5 ಮಿಲಿಸೆಕೆಂಡ್ ಸಾಕು. ದೂರ ಕಡಿಮೆಯಾದಷ್ಟೂ ಕಸ ಮೇಲೆ ಬಂದಿದೆ ಅಂತ ಲೆಕ್ಕ.

ಆದರೆ ಆ ಸದ್ದು ಲೇಸರ್‌ನಂತೆ ನೆಟ್ಟಗೆ ಇಳಿಯುವುದಿಲ್ಲ, ಟಾರ್ಚ್ ಬೆಳಕಿನ ಹಾಗೆ ಅಗಲವಾಗುತ್ತಾ ಹೋಗುತ್ತೆ. ಜತೆಗೆ ಸೆನ್ಸರ್ ಮೊದಲು ಬಂದ ಪ್ರತಿಧ್ವನಿಯನ್ನೇ ನಂಬುತ್ತೆ. ಅದು ಕಸದಿಂದ ಬಂತೋ ಬೇರೆಲ್ಲಿಂದಲೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಮೂಡುಬಿದಿರೆಯಲ್ಲಿ ಎಂಜಿನಿಯರಿಂಗ್ ಓದುವ ನನ್ನ ಕಸಿನ್ ಪ್ರಾಜೆಕ್ಟಿಗೆ ಮಾಡಿದ ಡಬ್ಬಿಯನ್ನೇ ನೋಡಿ. ಆಳ 60 ಸೆಂ.ಮೀ., ಅಗಲ 40. ಮುಚ್ಚಳದ ಮಧ್ಯದಲ್ಲಿ ಕಸ ಹಾಕುವ ಬಾಯಿ ಇದ್ದದ್ದರಿಂದ ಸೆನ್ಸರನ್ನು ಅಂಚಿನಿಂದ 5 ಸೆಂ.ಮೀ. ಒಳಗೆ ಕೂರಿಸಿದ್ದ. ಡಬ್ಬಿ ಖಾಲಿ, ರೀಡಿಂಗ್ ಮಾತ್ರ 22 ಸೆಂ.ಮೀ. ಅಂದರೆ ಆ್ಯಪ್‌ನಲ್ಲಿ 63 ಪರ್ಸೆಂಟ್ ಭರ್ತಿ! ಒಂದು ಬುಟ್ಟಿ ಕಸ ಸುರಿದರೂ 22ರಿಂದ ಅಲ್ಲಾಡಲಿಲ್ಲ.

ಸದ್ದು ಎರಡೂ ಬದಿಗೆ 15 ಡಿಗ್ರಿ ಹರಡುತ್ತೆ ಅಂತ ಇಟ್ಟುಕೊಳ್ಳಿ. ಆಗ 5 ಸೆಂ.ಮೀ. ಪಕ್ಕದ ಗೋಡೆಯನ್ನು ಅದು ಸುಮಾರು 19 ಸೆಂ.ಮೀ. ಆಳದಲ್ಲೇ ಮುಟ್ಟುತ್ತೆ. ನುಣುಪು ಗೋಡೆಯಾದರೆ ಸದ್ದು ಸವರಿಕೊಂಡು ಕೆಳಗೆ ಹೋಗಬಹುದು. ಇವನ ಡಬ್ಬಿಯಲ್ಲಿ ಅಂಚಿಗೆ ಸಿಕ್ಕಿಸಿದ ಕಪ್ಪು ಕಸದ ಕವರ್ ಸರಿಯಾಗಿ ಅಲ್ಲೇ ಮಡಿಚಿಕೊಂಡು ಒಳಕ್ಕೆ ಉಬ್ಬಿತ್ತು. ಸೆನ್ಸರ್ ಅಳೆಯುತ್ತಿದ್ದದ್ದು ಆ ಮಡಿಕೆಯನ್ನು.

ಕಂಡುಹಿಡಿಯುವುದು ಸುಲಭ ಮಾರಾಯ್ರೇ. ಖಾಲಿ ಡಬ್ಬಿಯ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ. ರೀಡಿಂಗ್ ಬದಲಾದರೆ ಸದ್ದು ತಳಕ್ಕೆ ಹೋಗ್ತಾ ಇಲ್ಲ, ಬದಿಯಲ್ಲೇನೋ ತಾಗುತ್ತಿದೆ ಅಂತ ಅರ್ಥ. ಇವನದ್ದು 22ರಿಂದ 31ಕ್ಕೆ ಹೋಯಿತು. ಕವರ್ ತೆಗೆದಾಗ 59.

ಕೊನೆಗೆ ಸೆನ್ಸರನ್ನು ಬಾಯಿಯ ಪಕ್ಕಕ್ಕೆ, ಅಂಚಿನಿಂದ 12 ಸೆಂ.ಮೀ. ಒಳಗೆ ತಂದೆವು. ಈಗ ಸದ್ದು ಗೋಡೆ ಮುಟ್ಟುವುದು ಸುಮಾರು 45 ಸೆಂ.ಮೀ. ಆಳದಲ್ಲಿ. ಅಲ್ಲಿ ಸುಳ್ಳು ಪ್ರತಿಧ್ವನಿ ಬಂದರೂ ಕಾಲು ಭಾಗ ತುಂಬಿದೆ ಅಂತ ತೋರಿಸಬಹುದು, ಅಷ್ಟೆ. ಗಾಡಿ ಕರೆಯುವುದು 80 ಪರ್ಸೆಂಟಿಗೆ, ಹಾಗಾಗಿ ತೊಂದರೆಯಿಲ್ಲ. ಕಸ ಗುಡ್ಡೆಯಾಗುವುದು ಬಾಯಿಯ ಕೆಳಗೇ ಆದ್ದರಿಂದ ಅದರ ತುದಿಯೂ ಕಾಣುತ್ತೆ. ಬದಿಗಳಲ್ಲಿ ಇನ್ನೂ ಜಾಗ ಇರುವಾಗಲೇ ‘ಫುಲ್’ ಅನ್ನಬಹುದು. ಹೊರಗೆ ಚೆಲ್ಲುವುದಕ್ಕಿಂತ ಅದು ವಾಸಿ ಅಂತ ನನ್ನ ಅಭಿಪ್ರಾಯ.

ನಮ್ಮೂರಿನ ಕಸಕ್ಕೆ ಬೇರೆ ತಕರಾರೂ ಉಂಟು. ಬೆಳ್ತಂಗಡಿ ಕಡೆ ಒಂದು ಮದುವೆ ಮುಗಿದರೆ ಡಬ್ಬಿ ತುಂಬ ಅಡಿಕೆ ಹಾಳೆಯ ತಟ್ಟೆ. ಓರೆಯಾಗಿ ಬಿದ್ದ ತಟ್ಟೆ ಸದ್ದನ್ನು ಬೇರೆ ಕಡೆಗೆ ಹೊರಳಿಸುತ್ತೆ, ಪ್ರತಿಧ್ವನಿ ವಾಪಸ್ಸೇ ಬರುವುದಿಲ್ಲ. ಆಗ ಆರ್ಡುಯಿನೋದ ಈ ಸಾಲು ಸೊನ್ನೆ ಕೊಡುತ್ತೆ:

```
t = pulseIn(ECHO, HIGH, 30000);
```

ಸೊನ್ನೆಯನ್ನು ದೂರ ಅಂತ ತೆಗೆದುಕೊಂಡರೆ ಕಸ ಮುಚ್ಚಳಕ್ಕೆ ತಾಗಿದೆ ಅಂತಾಗುತ್ತೆ. ಅದನ್ನು ‘ಉತ್ತರ ಬರಲಿಲ್ಲ’ ಅಂತ ಬಿಟ್ಟು, ಮತ್ತೆ ಐದಾರು ಸಲ ಅಳೆದು, ಸಿಕ್ಕ ಅಂಕಿಗಳಲ್ಲಿ ನಡುವಿನದನ್ನು ಹಿಡಿಯಬೇಕು. ಆದರೆ ಕವರಿನ ಮಡಿಕೆಗೆ ಈ ಉಪಾಯ ನಡೆಯದು. ಅದು ಆರು ಸಲವೂ ಒಂದೇ ಸುಳ್ಳು ಹೇಳುತ್ತೆ.

ಮಳೆಗಾಲದಲ್ಲಿ ಮುಚ್ಚಳದ ಒಳಗೆ ನೀರು ಹನಿಗಟ್ಟುತ್ತೆ, ಈ ಸೆನ್ಸರ್‌ಗೆ ಅದು ಆಗದು. ನೀರು ತಾಳುವ ಜೆಎಸ್‌ಎನ್-ಎಸ್‌ಆರ್04ಟಿ ಹಾಕಿದರೆ ಇನ್ನೊಂದು ಪೇಚು. ಮೊದಲಿನದ್ದು 2 ಸೆಂ.ಮೀ.ಗಿಂತ ಹತ್ತಿರದ್ದನ್ನು ಅಳೆಯದು, ಇದು ಸುಮಾರು 20 ಸೆಂ.ಮೀ.ವರೆಗೂ ಕುರುಡು. 60ರ ಡಬ್ಬಿಯಲ್ಲಿ 80 ಪರ್ಸೆಂಟ್ ಅಂದರೆ ಕಸ 12 ಸೆಂ.ಮೀ. ದೂರದಲ್ಲಿದೆ, ನಮಗೆ ಬೇಕಾದ ಜಾಗವೇ ಕುರುಡು. ಸೆನ್ಸರನ್ನು ಕನಿಷ್ಠ 10 ಸೆಂ.ಮೀ. ಮೇಲೆತ್ತಲೇಬೇಕು. ಕಿರಿದಾದ ಪೈಪಿನಲ್ಲಿ ಎತ್ತಿದರೆ ಪೈಪಿನ ಅಂಚೇ ಪ್ರತಿಧ್ವನಿ ಕೊಡುತ್ತೆ. ಅಗಲವಾದ ಗುಮ್ಮಟದಂಥ ಮುಚ್ಚಳ ಒಳ್ಳೆಯದು.

ಮನೆಯಲ್ಲಾದರೆ ಮುಚ್ಚಳ ತೆಗೆದು ನೋಡಿದರಾಯಿತು. ಬಂಟ್ವಾಳ ಪುರಸಭೆಯಂಥ ಕಡೆ ಬಿ.ಸಿ.ರೋಡಿನಿಂದ ಪೇಟೆಯವರೆಗೆ ಇಂಥ ಡಬ್ಬಿ ಇಟ್ಟರೆ ಹಾಗಾಗದು. ಸುಳ್ಳು ‘ಫುಲ್’ ಬಂದರೆ ಗಾಡಿಯ ಡೀಸೆಲ್ ದಂಡ, ಸುಳ್ಳು ‘ಖಾಲಿ’ ಬಂದರೆ ಬೊಂಡದ ಚಿಪ್ಪು ಚರಂಡಿಗೆ. ಡಬ್ಬಿ ಇಡುವ ಮೊದಲು ಒಂದು ರಟ್ಟನ್ನು ತಳದಿಂದ 10 ಸೆಂ.ಮೀ.ನಂತೆ ಮೇಲೆತ್ತುತ್ತಾ ಪ್ರತಿ ರೀಡಿಂಗ್ ಬರೆದುಕೊಳ್ಳಿ, ಕವರ್ ಹಾಕಿ ಒಮ್ಮೆ, ತೆಗೆದು ಒಮ್ಮೆ. ಹತ್ತು ನಿಮಿಷದ ಕೆಲಸ.