ಗೇಮ್ ನಡುವೆ ಆಫ್ ಆಗುವ ಕಂಪ್ಯೂಟರ್: ಬಿಸಿಯ ತಪ್ಪೋ, ಎಸ್‌ಎಂಪಿಎಸ್‌ನದೋ?

ಇಡೀ ದಿನ ಬ್ರೌಸರ್, ಸಿನಿಮಾ, ಕಾಲೇಜಿನ ಪ್ರಾಜೆಕ್ಟ್ ಎಲ್ಲವೂ ಸರಾಗ. ರಾತ್ರಿ ದೊಡ್ಡ ಗೇಮ್ ಶುರು ಮಾಡಿ ಸ್ವಲ್ಪ ಹೊತ್ತಾದರೆ ಸಾಕು, ಪರದೆ ಕಪ್ಪಾಗುತ್ತದೆ, ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ಈ ದೂರಿಗೆ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: ‘ಹೀಟ್ ಆಗ್ತಿದೆ, ಪೇಸ್ಟ್ ಬದಲಾಯಿಸಿ’ ಅಥವಾ ‘ಎಸ್‌ಎಂಪಿಎಸ್ ವೀಕ್ ಆಗಿದೆ, ಹೊಸದು ಹಾಕಿ’. ಎರಡೂ ನಿಜ ಇರಬಹುದು. ಆದರೆ ಯಾವುದೆಂದು ಖಚಿತ ಮಾಡಿಕೊಳ್ಳದೆ ದುಡ್ಡು ಹಾಕುವ ಅಗತ್ಯವಿಲ್ಲ. ಮನೆಯಲ್ಲೇ ಕೂತು, ಉಚಿತ ಸಾಫ್ಟ್‌ವೇರ್‌ಗಳಿಂದಲೇ ಪತ್ತೆ ಮಾಡಬಹುದು.

ಪತ್ತೆಯ ಸೂತ್ರ ಇಷ್ಟೇ: ಬಿಸಿಗೆ ಹೊತ್ತು ಬೇಕು, ವಿದ್ಯುತ್ತಿನ ಏಟಿಗೆ ಏರಿಳಿತ ಬೇಕು. ಹೀಟ್‌ಸಿಂಕ್ ಬಚ್ಚಲ ಹಂಡೆಯ ನೀರಿನಂತೆ ನಿಧಾನ ಕಾಯುತ್ತದೆ. ಲೋಡ್ ಬಿದ್ದ ಕ್ಷಣವೇ ಕುದಿಯುವುದಿಲ್ಲ. ಎಸ್‌ಎಂಪಿಎಸ್ ಕೈಕೊಡುವುದಾದರೆ ತಣ್ಣಗಿರುವಾಗಲೂ, ಎರಡನೇ ನಿಮಿಷದಲ್ಲೇ ಕೊಡಬಲ್ಲದು.

ನನಗೆ ಪರಿಚಯದ ಹುಡುಗನೊಬ್ಬ ಕಲಬುರಗಿಯವನು. ಅವನ ಯಂತ್ರದಲ್ಲಿ ರೈಜನ್ 7 5800ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್, ಹಳೆಯ ಯಂತ್ರದಿಂದ ಕಿತ್ತು ಹಾಕಿದ 650 ವ್ಯಾಟ್‌ನ ಎಸ್‌ಎಂಪಿಎಸ್. ಊರಿನ ಬೇಸಿಗೆ ಗೊತ್ತಿದ್ದವರೆಲ್ಲ ಬಿಸಿಯನ್ನೇ ದೂರಿದರು. ಅವನೂ ಹಾಗೇ ನಂಬಿದ್ದ. ಲೆಕ್ಕ ಕೂಡ ಎಸ್‌ಎಂಪಿಎಸ್ ಪರವಾಗಿಯೇ ಇತ್ತು: ಕಾರ್ಡಿಗೆ 320 ವ್ಯಾಟ್, ಪ್ರೊಸೆಸರ್‌ಗೆ ಹೆಚ್ಚೆಂದರೆ 142, ಫ್ಯಾನು, ಡಿಸ್ಕು, ಮದರ್‌ಬೋರ್ಡ್ ಎಲ್ಲ ಸೇರಿ 60. ಒಟ್ಟು ಸುಮಾರು 520. ಇನ್ನೂ 130 ವ್ಯಾಟ್ ಕೈಯಲ್ಲಿದೆ.

ಈ ಲೆಕ್ಕದಲ್ಲಿರುವುದು ಸರಾಸರಿ ಮಾತ್ರ. ಗೇಮ್‌ನಲ್ಲಿ ಕಾರ್ಡಿನ ಕೆಲಸ ಒಂದೇ ಸಮನೆ ನಡೆಯುವುದಿಲ್ಲ. ಒಂದು ಫ್ರೇಮ್ ಮುಗಿಸಿ ಅರೆಕ್ಷಣ ಕಾಯುತ್ತದೆ, ಮುಂದಿನದು ಬಂದಾಗ ಚಿಪ್‌ನ ಬಹುಭಾಗ ಒಟ್ಟಿಗೆ ಎಚ್ಚೆತ್ತು ಕರೆಂಟ್ ಎಳೆಯುತ್ತದೆ. ಕಾರ್ಡಿನೊಳಗಿನ ಪವರ್ ಮಿತಿಯ ವ್ಯವಸ್ಥೆ ಸರಾಸರಿಯನ್ನು ನೋಡಿ ಕೆಲಸ ಮಾಡುವುದರಿಂದ ಮಿಲಿಸೆಕೆಂಡಿಗಿಂತ ಚಿಕ್ಕ ಜಿಗಿತಗಳು ಅದರ ಕಣ್ತಪ್ಪಿಸುತ್ತವೆ. 320 ವ್ಯಾಟ್‌ನ ಕಾರ್ಡು ಆ ಕ್ಷಣಕ್ಕೆ ಒಂದೂವರೆ ಪಟ್ಟು ಎಳೆದರೆ 480 ಆಯಿತು. ಉಳಿದದ್ದು ಸೇರಿಸಿದರೆ 680. ಎಸ್‌ಎಂಪಿಎಸ್‌ನ ರಕ್ಷಣಾ ಸರ್ಕ್ಯೂಟ್ ಇದನ್ನು ಶಾರ್ಟ್ ಅಥವಾ ಓವರ್‌ಲೋಡ್ ಎಂದು ತಿಳಿದು ಸಪ್ಲೈ ಕಡಿಯಬಹುದು. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಈ ತೊಂದರೆಯನ್ನೇ ಗಮನದಲ್ಲಿಟ್ಟುಕೊಂಡು, ಹೊಸ ಗ್ರಾಫಿಕ್ಸ್ ಕನೆಕ್ಟರ್ ಇರುವ ದೊಡ್ಡ ಎಸ್‌ಎಂಪಿಎಸ್‌ಗಳು ತಮ್ಮ ಸಾಮರ್ಥ್ಯದ ಎರಡು ಪಟ್ಟು ಲೋಡನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕೆಂದು ಹೇಳಿತು. ಅದಕ್ಕೂ ಹಿಂದಿನವುಗಳಲ್ಲಿ ಕೆಲವು ತಡೆಯುತ್ತವೆ, ಕೆಲವು ತಡೆಯುವುದಿಲ್ಲ.

ಮೊದಲು ಅವನಿಗೆ Event Viewer ತೆರೆಯಲು ಹೇಳಿದೆ. ಅಲ್ಲಿ Kernel-Power 41 ಎಂಬ ದಾಖಲೆ ಇತ್ತು, ಅದರ BugcheckCode 0. ಇದನ್ನು ನೋಡಿದೊಡನೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವವರು ಬಹಳ. ಅದು ಹೇಳುವುದು ವಿಂಡೋಸ್‌ಗೆ ನೀಲಿ ಪರದೆ ತೋರಿಸುವಷ್ಟೂ ಸಮಯ ಸಿಗದೆ ಯಂತ್ರ ನಿಂತಿತು ಎಂಬುದನ್ನಷ್ಟೇ. ಅತಿಯಾಗಿ ಕಾದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಯಂತ್ರವನ್ನು ಆಫ್ ಮಾಡಿಸಿದಾಗಲೂ ಇದೇ ದಾಖಲೆ ಬೀಳುತ್ತದೆ.

ಹಾಗಾಗಿ HWiNFO ಹಾಕಿ, ಎಲ್ಲ ತಾಪಮಾನವನ್ನೂ ಫೈಲಿಗೆ ಬರೆಯುತ್ತಾ ಹೋಗುವಂತೆ ಮಾಡಿದೆವು. ಯಂತ್ರ ಬಿದ್ದ ಮೇಲೆ ಆ ಫೈಲಿನ ಕೊನೆಯ ಸಾಲುಗಳೇ ಸಾಕ್ಷಿ. ಆದರೆ ಇದರಲ್ಲಿ ವೋಲ್ಟೇಜ್ ಜಿಗಿತ ಕಾಣಲಿಲ್ಲವೆಂದು ಎಸ್‌ಎಂಪಿಎಸ್ ನಿರಪರಾಧಿ ಎನ್ನುವಂತಿಲ್ಲ. ಈ ಸಾಫ್ಟ್‌ವೇರ್ ಸಾಮಾನ್ಯವಾಗಿ ಎರಡು ಸೆಕೆಂಡಿಗೊಮ್ಮೆ ಇಣುಕುತ್ತದೆ. ನಾವು ಹುಡುಕುವ ಜಿಗಿತ ಅದರ ಸಾವಿರದ ಒಂದು ಭಾಗದಷ್ಟೂ ಹೊತ್ತು ಇರುವುದಿಲ್ಲ. ಮಾಮೂಲಿ ಮಲ್ಟಿಮೀಟರ್‌ಗೂ ಅದು ಸಿಗುವುದಿಲ್ಲ.

ಮುಂದಿನದು ಒಂದೇ ಸಮನೆ ಲೋಡ್ ಹಾಕುವ ಪರೀಕ್ಷೆ. FurMark ಕಾರ್ಡನ್ನೂ Prime95 ಪ್ರೊಸೆಸರನ್ನೂ ದುಡಿಸತೊಡಗಿದವು. ಪಕ್ಕದಲ್ಲೇ ಕೂತು ನೋಡುತ್ತಿರಬೇಕು, ಬಿಟ್ಟು ಹೋಗಬಾರದು. ಅರ್ಧ ಗಂಟೆಯಲ್ಲಿ ಕಾರ್ಡ್ 81 ಡಿಗ್ರಿಗೆ ಏರಿ ಅಲ್ಲೇ ನಿಂತಿತು. ಫ್ಯಾನುಗಳ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು, ಯಂತ್ರ ಮಾತ್ರ ಅಲುಗಲಿಲ್ಲ. ಗೇಮ್‌ನಲ್ಲಿ ಅದು ಇಷ್ಟು ಕಾಯುತ್ತಲೇ ಇರಲಿಲ್ಲ. ಈ ಪರೀಕ್ಷೆ ಪಾಸಾದರೆ ‘ಎಲ್ಲ ಸರಿ ಇದೆ’ ಎಂದು ಎಷ್ಟೋ ಕಡೆ ಯಂತ್ರವನ್ನು ವಾಪಸು ಕೊಡುತ್ತಾರೆ. ಪಾಸಾದದ್ದು ಕೂಲಿಂಗ್ ಮತ್ತು ಎಸ್‌ಎಂಪಿಎಸ್‌ನ ಸರಾಸರಿ ಶಕ್ತಿ. ಜಿಗಿತದ ಪರೀಕ್ಷೆ ಇನ್ನೂ ಆಗೇ ಇಲ್ಲ.

ಅದಕ್ಕೆ OCCT ಎಂಬ ಸಾಫ್ಟ್‌ವೇರ್‌ನಲ್ಲಿ 3D Adaptive ಪರೀಕ್ಷೆ ಇದೆ. ಅದರ Switch ವಿಧಾನ ಕಾರ್ಡಿನ ಲೋಡನ್ನು ಥಟ್ಟನೆ ಏರಿಸಿ ಥಟ್ಟನೆ ಇಳಿಸುತ್ತದೆ. ಯಂತ್ರ ಪೂರ್ತಿ ಆರಿದ ಮೇಲೆ ಅದನ್ನು ಓಡಿಸಿದೆವು. ಎರಡು ನಿಮಿಷ ತುಂಬುವ ಮೊದಲೇ ಕ್ಯಾಬಿನೆಟ್‌ನೊಳಗೆ ಟಕ್ ಎಂಬ ಸದ್ದು, ದೀಪಗಳೆಲ್ಲ ಒಟ್ಟಿಗೆ ಆರಿದವು. ಫೈಲಿನ ಕೊನೆಯ ಸಾಲಿನಲ್ಲಿ ಕಾರ್ಡಿನ ಬಿಸಿ 62 ಡಿಗ್ರಿ.

81ರಲ್ಲಿ ನಿಲ್ಲದ್ದು 62ರಲ್ಲಿ ನಿಂತಿತು. ಆದರೂ ಒಂದು ಅಡ್ಡಪರೀಕ್ಷೆ ಬೇಕೆನಿಸಿತು. ಪವರ್ ಇಳಿಸಿದರೆ ಬಿಸಿಯೂ ಇಳಿಯುತ್ತದೆ, ಆಗ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಅದಕ್ಕೇ ಕಾರ್ಡಿನ ಪವರ್ ಇಳಿಸಿ, ಫ್ಯಾನ್ ವೇಗವನ್ನೂ ಬೇಕೆಂದೇ ತಗ್ಗಿಸಿದೆವು. ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೀಗೆ:

```
nvidia-smi -pl 230
```

ಕಾರ್ಡು ಮತ್ತೆ 81 ಡಿಗ್ರಿ ಮುಟ್ಟಿತು, ಆದರೆ 230 ವ್ಯಾಟ್ ಮಾತ್ರ ಎಳೆಯುತ್ತಾ. ಆ ಸ್ಥಿತಿಯಲ್ಲಿ ಅವನ ಗೇಮ್ ಇಡೀ ಸಂಜೆ ನಡೆಯಿತು. ಬಿಸಿ ಅಷ್ಟೇ ಇದ್ದು ಪವರ್ ತಗ್ಗಿದಾಗ ಉಳಿದುಕೊಂಡಿತೆಂದರೆ ದೋಷ ಬಿಸಿಯದಲ್ಲ.

ಬಿಸಿಯೇ ಕಾರಣವಾಗಿದ್ದರೆ ಚಿತ್ರ ಬೇರೆ ಇರುತ್ತಿತ್ತು. ಬೀಳುವ ಮೊದಲೇ ಫೈಲಿನಲ್ಲಿ ಕ್ಲಾಕ್ ವೇಗ ಇಳಿಯುತ್ತಾ ಹೋಗುತ್ತದೆ, ಗೇಮ್ ತಡವರಿಸುತ್ತದೆ, 5800ಎಕ್ಸ್ ಆದರೆ ತನ್ನ 90 ಡಿಗ್ರಿ ಮಿತಿಗೆ ಅಂಟಿಕೊಂಡಿರುತ್ತದೆ. ಒಂದೇ ಸಮನೆಯ ಲೋಡ್‌ನಲ್ಲೂ ಸುಮಾರು ಅದೇ ಹೊತ್ತಿಗೆ ಬೀಳುತ್ತದೆ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಟ್ಟರೆ ಬೀಳುವ ಹೊತ್ತು ಮುಂದೆ ಹೋಗುತ್ತದೆ. ನಮ್ಮ ಯಂತ್ರದಲ್ಲಿ ಇದು ಯಾವುದೂ ಕಾಣಲಿಲ್ಲ.

ಇವೆರಡರ ನಡುವೆ ಸಿಲುಕುವ ಒಂದು ಪ್ರಸಂಗ ಇದೆ: ಎಸ್‌ಎಂಪಿಎಸ್ ತಾನೇ ಕಾಯುವುದು. ಅದರ ಫ್ಯಾನಿಗೆ ಧೂಳು ಕಟ್ಟಿದ್ದರೆ ಕಾರ್ಡು, ಪ್ರೊಸೆಸರ್ ಎರಡೂ ತಣ್ಣಗಿದ್ದರೂ ಅರ್ಧ ಗಂಟೆಗೆ ಯಂತ್ರ ಆಫ್ ಆಗಬಹುದು. ಕೂಡಲೇ ಮತ್ತೆ ಶುರು ಮಾಡಿದರೆ ಇನ್ನೂ ಬೇಗ. ಹೆಚ್ಚಿನ ಎಸ್‌ಎಂಪಿಎಸ್‌ಗಳೊಳಗಿನ ಬಿಸಿ ಯಾವ ಸಾಫ್ಟ್‌ವೇರ್‌ಗೂ ಕಾಣುವುದಿಲ್ಲ. ಹಿಂಭಾಗದಿಂದ ಬರುವ ಗಾಳಿಗೆ ಕೈ ಒಡ್ಡಿ ನೋಡಬೇಕು. ಅದನ್ನು ಬಿಚ್ಚಲು ಮಾತ್ರ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಹೊಸದು ಕೊಳ್ಳುವ ಮುಂಚೆ ಇನ್ನೆರಡು ನೋಡಿದೆವು. ಯಂತ್ರ ಚಿಕ್ಕ ಯುಪಿಎಸ್ ಮೂಲಕ ನಡೆಯುತ್ತಿತ್ತು. 600 ವಿಎ ಯುಪಿಎಸ್ ಕೊಡುವುದು ಸಾಮಾನ್ಯವಾಗಿ 360 ವ್ಯಾಟ್, ಅದೇ ಓವರ್‌ಲೋಡ್ ಆಗಿ ಕೈಬಿಡಬಹುದು. ನೇರ ಗೋಡೆಯ ಸಾಕೆಟ್‌ಗೆ ಹಾಕಿದರೂ Switch ಪರೀಕ್ಷೆಯಲ್ಲಿ ಯಂತ್ರ ಬಿದ್ದಿತು. ಕಾರ್ಡಿನ ಎರಡು ಕನೆಕ್ಟರಿಗೂ ಒಂದೇ ಕೇಬಲ್‌ನ ಎರಡು ಕವಲು ಹೋಗಿತ್ತು. ಎಸ್‌ಎಂಪಿಎಸ್‌ನಿಂದ ಬೇರೆ ಬೇರೆ ಎರಡು ಕೇಬಲ್ ಎಳೆದ ಮೇಲೆ ಪರೀಕ್ಷೆ ಹತ್ತು ನಿಮಿಷ ದಾಟಿತು, ಆಮೇಲೆ ಬಿದ್ದಿತು. ಅಲ್ಲಿಗೆ ಅನುಮಾನ ಉಳಿಯಲಿಲ್ಲ. ಎಟಿಎಕ್ಸ್ 3.0ಗೆ ಒಪ್ಪುವ 850 ವ್ಯಾಟ್‌ನದು ಬರುವವರೆಗೆ ಅವನು 230ರ ಮಿತಿಯಲ್ಲೇ ಆಡಿದ. ರೀಸ್ಟಾರ್ಟ್ ಆದಾಗಲೆಲ್ಲ ಆ ಮಿತಿ ಅಳಿಸಿಹೋಗುವುದರಿಂದ, ಗೇಮ್ ತೆರೆಯುವ ಮುಂಚೆ ಪ್ರತಿಸಲ ಆ ಕಮಾಂಡನ್ನು ಮತ್ತೆ ಕೊಡಬೇಕಾಗುತ್ತಿತ್ತು.